ನಾಲ್ಕನೇ ಗುರಿ

ಸೂಪರ್‌ವೈಸರ್ ಬರೆದು ಕಳಿಸಿದ ಸುಧಾರಣಾ ಯೋಜನೆಯ ಹಾಳೆ ಎರಡನೇ ಸಲವೂ ವಾಪಸ್ ಬಂತು. ಔಷಧಿಯ ಸಗಟು ಗೋದಾಮಿನಲ್ಲಿ ಹದಿನಾಲ್ಕು ವರ್ಷ ಬೆವರು ಸುರಿಸಿದವಳು ಅವಳು. ಕಪಾಟಿನಿಂದ ಮಾತ್ರೆ ಡಬ್ಬ ಎತ್ತಿಡುವ ಕೆಲಸದಿಂದ ಶುರುಮಾಡಿ ಬೆಳಗಿನ ಪಾಳಿಯ ಮೇಲ್ವಿಚಾರಕಿಯಾಗುವಷ್ಟು ದೂರ ಬಂದಿದ್ದಳು. ಇಂಥವಳಿಗೆ ಮೊನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದ ಎಚ್‌ಆರ್ ಹುಡುಗಿಯಿಂದ ಪಾಠ! ಹಾಳೆಯ ಅಂಚಿನ ತುಂಬ ಕೆಂಪು ಗೀಟು, ಪ್ರತಿ ಗೀಟಿನ ಪಕ್ಕ ಒಂದೇ ಪ್ರಶ್ನೆ: ಇದನ್ನು ಹೇಗೆ ಅಳೆಯುತ್ತೀರಿ?

ಅವಳು ಹಾಳೆ ಹಿಡಿದು ಮೆಟ್ಟಿಲು ಹತ್ತಿದಳು. ಮೇಲಿನ ಆಫೀಸಿನಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು.

"ಏನಮ್ಮಾ ಇದು? ನಾನೇನು ಪರೀಕ್ಷೆ ಬರೀತಿದೀನಾ?"

ಹುಡುಗಿ ಕುರ್ಚಿ ಎಳೆದುಕೊಟ್ಟಳು. "ನೀವು ಬರೆಯೋದಲ್ಲ ಮೇಡಂ, ಗಡಿಯಾರಣ್ಣ ಬರೆಯೋ ಪರೀಕ್ಷೆ ಇದು. ಎಷ್ಟು ಅಂಕ ಬಂದ್ರೆ ಪಾಸು ಅಂತ ಅವರಿಗೆ ಗೊತ್ತಿರಬೇಕಲ್ವಾ? ನೀವು ಬರ್ದಿದೀರಿ, 'ಹೆಚ್ಚು ಜಾಗ್ರತೆಯಿಂದ ಕೆಲಸ ಮಾಡಬೇಕು'. ಎಷ್ಟು ಹೆಚ್ಚು? ಯಾರು ನೋಡ್ತಾರೆ? ಯಾವತ್ತು?"

"ಅವರಿಗೆ ಗೊತ್ತಾಗುತ್ತೆ ಬಿಡಮ್ಮ. ಹತ್ತೊಂಬತ್ತು ವರ್ಷದ ಸರ್ವೀಸು."

"ಗೊತ್ತಾಗಿದ್ರೆ ಈ ಹಾಳೆ ಯಾಕೆ ಬೇಕಿತ್ತು ಮೇಡಂ?"

ಅವಳು ಮೂಗು ಮುರಿದಳು, ಆದರೆ ಕೂತಳು.

ಹಾಳೆ ಇದ್ದದ್ದು ಗಡಿಯಾರಣ್ಣನ ಬಗ್ಗೆ. ಅವನನ್ನು ಹಾಗೆ ಕರೆಯುವುದಕ್ಕೆ ಕಾರಣವಿತ್ತು: ಆರೂವರೆಯ ಪಾಳಿಗೆ ಆರು ಹತ್ತಕ್ಕೇ ಬಂದು, ಬೀಗ ತೆಗೆಯುವ ಕಾವಲುಗಾರನಿಗಿಂತ ಮುಂಚೆ ಬಾಗಿಲಲ್ಲಿ ನಿಂತಿರುತ್ತಿದ್ದ ಆಸಾಮಿ. ವಯಸ್ಸು ಐವತ್ಮೂರು. ಸೂಪರ್‌ವೈಸರ್ ಹೊಸದಾಗಿ ಸೇರಿದಾಗ ಮಾತ್ರೆಯ ಬಣ್ಣ ನೋಡಬೇಡ, ಹೆಸರು ನೋಡು, ಹೆಸರು ನೋಡಿದ ಮೇಲೆ ಮಿಲಿಗ್ರಾಂ ನೋಡು ಎಂದು ಕೈ ಹಿಡಿದು ಕಲಿಸಿದವನು ಅವನೇ. ಈಗ ಅವನ ಹೆಸರಿನಲ್ಲಿ ತಿಂಗಳಿಗೆ ನಲವತ್ತೊಂದು ತಪ್ಪು ಬಿದ್ದಿತ್ತು. ಅಂಗಡಿಯವರು ಕೇಳಿದ್ದು ಒಂದು, ಡಬ್ಬದಲ್ಲಿ ಹೋದದ್ದು ಇನ್ನೊಂದು. ಉಳಿದ ಐವರ ಲೆಕ್ಕ ಏಳು, ಒಂಬತ್ತು, ಹೆಚ್ಚೆಂದರೆ ಹನ್ನೊಂದು. ಮ್ಯಾನೇಜರ್ ಆ ಪಟ್ಟಿಯನ್ನು ಅವಳ ಮುಂದೆ ತಳ್ಳಿ, "ಸುಧಾರಣಾ ಯೋಜನೆ ಹಾಕಿ. ಅರವತ್ತು ದಿನ" ಎಂದಿದ್ದರು. ಆ ಅರವತ್ತು ದಿನದಲ್ಲಿ ಅವನು ಗುರಿ ಮುಟ್ಟದಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅವನ ಹೆಂಡತಿಯ ಡಯಾಲಿಸಿಸ್‌ಗೆ ಕಂಪನಿ ಕೊಟ್ಟ ವಿಮೆಯ ಕಾರ್ಡೂ ಹೋಗುತ್ತದೆ. ವಾರಕ್ಕೆ ಎರಡು ಸಲ ಆಕೆಯ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರಬೇಕಿತ್ತು. ಇದು ಗೋದಾಮಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮ್ಯಾನೇಜರಿಗೂ.

ಎಚ್‌ಆರ್ ಹುಡುಗಿಯೂ ಅವಳೂ ಊಟದ ಬಿಡುವು ಮರೆತು ಕೂತು ಬರೆದರು. ಬರೆಯುತ್ತ ಬರೆಯುತ್ತ ಸೂಪರ್‌ವೈಸರಿಗೆ ಹುಡುಗಿಯ ಮೇಲಿನ ಸಿಟ್ಟು ಇಳಿಯಿತು. ಮೊದಲನೇ ಗುರಿ: ವಾರದಲ್ಲಿ ಮೂರಕ್ಕಿಂತ ಹೆಚ್ಚು ತಪ್ಪು ಇರಬಾರದು. ಯಾವ ತಪ್ಪು? ಅಂಗಡಿಯಿಂದ ವಾಪಸ್ ಬಂದು ರಿಜಿಸ್ಟರಿನಲ್ಲಿ ದಾಖಲಾಗಿ, ಸ್ಕ್ಯಾನರಿನ ಲಾಗಿನ್ ಪ್ರಕಾರ ಅವನ ಹೆಸರಿಗೆ ಬಂದದ್ದು. ಎರಡನೇ ಗುರಿ: ಅವಧಿ ಬೇಗ ಮುಗಿಯುವ ಔಷಧಿ ಕಪಾಟಿನಲ್ಲಿ ಮುಂದೆ ಇರಬೇಕು. ಪ್ರತಿ ಶನಿವಾರ ಅವನ ಸಾಲಿನ ಐವತ್ತು ಖಾನೆ ತೆಗೆದು ನೋಡುವುದು, ನಲವತ್ತೆಂಟಾದರೂ ಸರಿ ಇರಬೇಕು. ಮೂರನೇ ಗುರಿ: ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್ ಹತ್ತು ನಿಮಿಷದೊಳಗೆ ಐಸ್ ಪೆಟ್ಟಿಗೆ ಸೇರಬೇಕು, ಎರಡೂ ಹೊತ್ತನ್ನು ಫ್ರಿಜ್ಜಿನ ಪುಸ್ತಕದಲ್ಲಿ ಬರೆಯಬೇಕು, ಒಂದೂ ತಪ್ಪಬಾರದು. ಪ್ರತಿ ಸೋಮವಾರ ಅರ್ಧ ಗಂಟೆ ಇಬ್ಬರೂ ಕೂತು ಅಂಕಿ ನೋಡುವುದು. ಕಂಪನಿಯ ಕಡೆಯಿಂದ ಎರಡು ದಿನದ ತರಬೇತಿ, ಒಂದು ಸಲ ಕಣ್ಣಿನ ತಪಾಸಣೆ.

"ಒಂದು ಕೇಳ್ಲಾ ಮೇಡಂ?" ಹುಡುಗಿ ಪೆನ್ನು ಕಚ್ಚುತ್ತ ಕೇಳಿದಳು. "ನಲವತ್ತೊಂದು ತಪ್ಪು ಸರಿ. ಒಟ್ಟು ಎಷ್ಟು ಐಟಂ ತೆಗೆದಿದ್ದರಲ್ಲಿ ನಲವತ್ತೊಂದು?"

"ಎಲ್ಲರೂ ದಿನಕ್ಕೆ ಆರ್ನೂರೋ ಆರ್ನೂರೈವತ್ತೋ ತೆಗೀತಾರೆ. ಅದರಲ್ಲೇನು ವ್ಯತ್ಯಾಸ ಬರಲ್ಲ."

ಹುಡುಗಿ ತಲೆಯಾಡಿಸಿದಳು. ಅಲ್ಲಿಗೆ ಆ ಮಾತು ಮುಗಿಯಿತು. ಅಯ್ಯೋ, ಆ ಒಂದು ಪ್ರಶ್ನೆಗೆ ಅವತ್ತೇ ಕಂಪ್ಯೂಟರ್ ತೆರೆದು ಉತ್ತರ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಾಲ್ಕನೇ ಗುರಿಯನ್ನು ಸೇರಿಸಿದವರು ಮ್ಯಾನೇಜರ್. ತಾವೇ ಕೈಯಾರೆ ಬರೆದಿದ್ದರು: 'ತಂಡದೊಂದಿಗೆ ಸಹಕಾರ ಮನೋಭಾವ ತೋರಿಸಬೇಕು.' ಹುಡುಗಿ ಅದರ ಪಕ್ಕ ಕೆಂಪು ಗೀಟು ಎಳೆದು, "ಇದನ್ನ ಹೀಗೇ ಬಿಟ್ರೆ ಆಗಲ್ಲ ಮೇಡಂ. ಏನು ಮಾಡಿದ್ರೆ ಸಹಕಾರ ಅಂತ ಬರೀಲೇಬೇಕು. ಇಲ್ಲಾಂದ್ರೆ ತೆಗೀಬೇಕು. ಸರ್ ಹತ್ರ ನೀವೇ ಕೇಳಿ" ಎಂದಳು. ಮರುದಿನದಿಂದ ಹುಡುಗಿ ತನ್ನ ಮದುವೆಗೆ ಎರಡು ತಿಂಗಳು ರಜೆ ಹಾಕಿ ಹೋದಳು.

ಸೂಪರ್‌ವೈಸರ್ ಕೇಳಿದಳು. ಕೇಳಲಿಲ್ಲ ಎನ್ನುವ ಹಾಗಿಲ್ಲ. ಮ್ಯಾನೇಜರ್ ಫೋನಿನಿಂದ ಕಣ್ಣೆತ್ತದೆ, "ಮನೋಭಾವಕ್ಕೆ ಅಳತೆಪಟ್ಟಿ ಎಲ್ಲಿಂದ ತರ್ಲಿ ನಾನು? ನೋಡಿದ್ರೆ ಗೊತ್ತಾಗುತ್ತೆ. ಸೋಮವಾರ ಶುರು ಆಗ್ಬೇಕು, ಸುಮ್ನೆ ಎಳೀಬೇಡಿ" ಎಂದರು. ಅವಳು ಇನ್ನೊಂದು ಮಾತು ಆಡಬಹುದಿತ್ತು. ಅವತ್ತು ಮಗಳಿಗೆ ಜ್ವರ, ಹೊರಗೆ ಎರಡು ಲಾರಿ ಕಾಯುತ್ತಿದ್ದವು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಇಳಿದು ಬಂದಳು.

ಸಂಜೆ ಗಂಡನಿಗೆ ಹೇಳಿದಳು. ಅವನು ಲೇತ್ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಇಪ್ಪತ್ತು ವರ್ಷ ಕೂತವನು, ಮಾತು ಕಮ್ಮಿ. ಮಗಳ ಹಣೆಯ ಒದ್ದೆ ಬಟ್ಟೆ ಬದಲಾಯಿಸುತ್ತ ಎಲ್ಲ ಕೇಳಿಸಿಕೊಂಡ.

"ಮೂರು ಚೆನ್ನಾಗಿದೆ ಕಣೆ. ನಾಲ್ಕನೇದಕ್ಕೆ ಗೇಜ್ ಎಲ್ಲಿ?"

"ಅಂದ್ರೆ?"

"ನಮ್ಮಲ್ಲಿ ಅಳತೆ ನೋಡೋ ಗೇಜ್ ಪಾರ್ಟಿನ ಒಳಗೆ ಹೋದ್ರೆ ಪಾಸು, ಹೋಗದೆ ಇದ್ರೆ ಫೇಲು. ಗೇಜ್ ಇಲ್ದೆ ಕೊಟ್ಟ ಪಾರ್ಟು ಸಾಹೇಬ್ರ ಮುಖ ನೋಡ್ಕೊಂಡು ಪಾಸಾಗುತ್ತೆ."

"ನಿಮ್ಮ ಕಬ್ಬಿಣದ ತುಂಡೂ ಮನುಷ್ಯನೂ ಒಂದೇನಾ?" ಎಂದು ಅವಳು ರೇಗಿದಳು. ಅವನು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದ. ಅವಳು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದಳು.

ಸೋಮವಾರ ಗಡಿಯಾರಣ್ಣ ಅವಳ ಗಾಜಿನ ಗೂಡಿಗೆ ಬಂದು ಕೂತ. ಕೈ ತೊಳೆದುಕೊಂಡು, ತೋಳು ಇಳಿಸಿ ಗುಂಡಿ ಹಾಕಿಕೊಂಡು ಬಂದಿದ್ದ. ಹಾಳೆಯನ್ನು ಒಂದೊಂದೇ ಸಾಲಾಗಿ ಬೆರಳಿಟ್ಟು ಓದಿದ. ನಲವತ್ತೊಂದು ಎನ್ನುವ ಅಂಕಿಯ ಮೇಲೆ ಬೆರಳು ನಿಂತಿತು.

"ಇಷ್ಟೊಂದಾ ಮೇಡಂ? ನಾನಾ?"

"ರಿಜಿಸ್ಟರ್ ಹಾಗೆ ಹೇಳುತ್ತೆ ಅಣ್ಣ."

ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ಆಮೇಲೆ ಪ್ರಶ್ನೆ ಶುರುಮಾಡಿದ. ಮೂರು ಅಂದರೆ ಮೂರು ಬಂದರೂ ಪಾಸೋ, ಎರಡಕ್ಕೇ ನಿಲ್ಲಬೇಕೋ? ಮೂರು ಬಂದರೂ ಪಾಸು. ಅಂಗಡಿಯವನೇ ತಪ್ಪಾಗಿ ಬರೆದುಕೊಟ್ಟಿದ್ದರೆ? ಅದು ಲೆಕ್ಕಕ್ಕಿಲ್ಲ. ನನ್ನ ಲಾಗಿನ್‌ನಲ್ಲಿ ಬಂದದ್ದು ಮಾತ್ರ ತಾನೆ? ಹೌದು, ಅದು ಮಾತ್ರ. ಅವಳು ಪಟಪಟನೆ ಉತ್ತರ ಕೊಟ್ಟಳು. ಎಲ್ಲಕ್ಕೂ ಉತ್ತರ ಹಾಳೆಯಲ್ಲೇ ಇತ್ತು, ಅವಳಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಬೆರಳು ನಾಲ್ಕನೇ ಸಾಲಿಗೆ ಬಂತು.

"ಇದು ಆಯ್ತು ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಅವಳು ಕಿಟಕಿಯಾಚೆ ನೋಡಿದಳು. "ಅದನ್ನ ತಲೆಗೆ ಹಚ್ಕೋಬೇಡಿ ಅಣ್ಣ. ಮೊದಲಿನ ಮೂರು ಆದ್ರೆ ಅದು ತಾನಾಗೇ ಆಗುತ್ತೆ."

"ಎಷ್ಟು ಅಂತ ಇಲ್ವಲ್ಲ."

"ಎಲ್ರಿಗೂ ಸ್ವಲ್ಪ ಸಹಾಯ ಮಾಡ್ಕೊಂಡು ಇರಿ. ನೀವು ಹೇಗೂ ಮಾಡ್ತೀರಲ್ಲ."

ಅವನು ಸಹಿ ಹಾಕಿದ. ಅವಳೂ ಹಾಕಿದಳು. ಅವಳ ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಯಶಸ್ಸು ಎಂದರೆ ಏನೆಂಬುದನ್ನು ನೌಕರರಿಗೆ ಸ್ಪಷ್ಟವಾಗಿ ವಿವರಿಸಿದ್ದೇನೆ.

ಈಗ ಗೋದಾಮಿನ ಒಂದು ಅಭ್ಯಾಸ ಹೇಳಬೇಕು. ಆರು ಜನಕ್ಕೆ ನಾಲ್ಕು ಸ್ಕ್ಯಾನರು, ಅವರ ಬಾಯಲ್ಲಿ ಗನ್ನು. ಅದರಲ್ಲಿ ಎರಡರ ಬ್ಯಾಟರಿ ಹತ್ತು ಗಂಟೆಗೇ ಕಣ್ಣು ಮುಚ್ಚುತ್ತಿತ್ತು. ಲಾಗಿನ್ ಆಗಬೇಕೆಂದರೆ ಅಕ್ಕಿಕಾಳಿನಷ್ಟು ದಪ್ಪದ ಗುಂಡಿಗಳ ಮೇಲೆ ಹತ್ತಕ್ಷರ ಒತ್ತಿ, ಅದು ಯೋಚನೆ ಮಾಡಿ ಮುಗಿಸುವ ತನಕ ಮೂರು ನಿಮಿಷ ನಿಲ್ಲಬೇಕು. ಯಾರಿಗೆ ಪುರುಸೊತ್ತು? ಗಡಿಯಾರಣ್ಣ ಎಲ್ಲರಿಗಿಂತ ಮೊದಲು ಬಂದು, ಒಳ್ಳೆಯ ಗನ್ನು ಆರಿಸಿ, ಲಾಗಿನ್ ಆಗಿ ಇಟ್ಟಿರುತ್ತಿದ್ದ. ಉಳಿದವರು ಚೀಟಿ ನೋಡಿ ಡಬ್ಬ ತುಂಬಿಸಿಕೊಂಡು ಬಂದು, "ಅಣ್ಣ, ಒಂದ್ನಿಮಿಷ" ಎಂದು ಅವನ ಗನ್ನು ಎತ್ತಿಕೊಂಡು ಎಲ್ಲವನ್ನೂ ಒಟ್ಟಿಗೆ ಟಣಟಣ ಹೊಡೆದು ಬಿಡುತ್ತಿದ್ದರು. ವರ್ಷಗಟ್ಟಲೆ ನಡೆದದ್ದೇ ಇದು. ಸೂಪರ್‌ವೈಸರ್ ತಾನೂ ಅಲ್ಲಿದ್ದಾಗ ಹಾಗೇ ಮಾಡಿದ್ದಳು. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ? ಇದನ್ನೂ ಯಾರೂ ಗಮನಿಸಿರಲಿಲ್ಲ, ಅವಳೂ ಸಹ.

ಸಹಿ ಹಾಕಿದ ಮರುದಿನದಿಂದ ಗಡಿಯಾರಣ್ಣ ಗನ್ನು ಕೆಳಗಿಡುವಾಗಲೆಲ್ಲ ಲಾಗ್‌ಔಟ್ ಮಾಡತೊಡಗಿದ. ಹಾಳೆಯಲ್ಲಿ 'ನಿಮ್ಮ ಲಾಗಿನ್‌ನಲ್ಲಿ' ಎಂದು ಬರೆದಿತ್ತಲ್ಲ, ಅವನು ಅಕ್ಷರಶಃ ಪಾಲಿಸಿದ. ಯಾರಾದರೂ ಬಂದು ಕೇಳಿದರೆ ಗನ್ನು ಕೊಡುತ್ತಿದ್ದ, ಆದರೆ ಖಾಲಿ ಗನ್ನು. "ನಿಮ್ಮ ಹೆಸರಲ್ಲಿ ಹಾಕ್ಕೊಳ್ರಪ್ಪ, ನಂಗೆ ಕಷ್ಟ ಇದೆ" ಎನ್ನುತ್ತಿದ್ದ. ಮೊದಲ ದಿನ ಎಲ್ಲರೂ ನಕ್ಕರು. ಮೂರನೇ ದಿನ ನಗು ನಿಂತಿತು. ಎತ್ತರದ ಕಪಾಟಿನ ಕೆಲಸದವನು, ಉದ್ದನೆಯ ಆಳು, ಎಲ್ಲರೂ ಅವನನ್ನು ಏಣಿ ಎನ್ನುತ್ತಿದ್ದರು, ಅವನು ಎಲ್ಲರಿಗೂ ಕೇಳುವ ಹಾಗೆ, "ಮುದುಕನಿಗೆ ಏನು ಬಂತೋ, ನಮ್ಮ ಮೇಲೆ ಹಗೆ ಸಾಧಿಸ್ತಿದಾನೆ" ಎಂದ.

ಮೊದಲ ಸೋಮವಾರದ ಅಂಕಿ ಬಂತು. ಗಡಿಯಾರಣ್ಣನದು ಒಂದು ತಪ್ಪು. ಏಣಿಯದು ಏಳು. ಇನ್ನಿಬ್ಬರದು ನಾಲ್ಕು ನಾಲ್ಕು.

ಸೂಪರ್‌ವೈಸರ್ ಪಟ್ಟಿಯನ್ನು ಎರಡು ಸಲ ನೋಡಿದಳು. ಆಮೇಲೆ ಕಂಪ್ಯೂಟರ್ ತೆರೆದು, ಎಚ್‌ಆರ್ ಹುಡುಗಿ ಅಂದು ಕೇಳಿದ್ದ ಪ್ರಶ್ನೆಯನ್ನೇ ಹಾಕಿದಳು: ಕಳೆದ ತಿಂಗಳು ಗಡಿಯಾರಣ್ಣನ ಲಾಗಿನ್‌ನಲ್ಲಿ ದಿನಕ್ಕೆ ಎಷ್ಟು ಐಟಂ? ಸಾವಿರದ ಎಂಟುನೂರು. ಎರಡು ಕೈಯ ಮನುಷ್ಯ ಆರ್ನೂರೈವತ್ತು ತೆಗೆದರೆ ಬೆನ್ನು ಮುರಿಯುತ್ತದೆ. ಇದು ಮೂವರ ಕೆಲಸ. ಮೂವರ ತಪ್ಪನ್ನು ಒಬ್ಬನ ತಲೆಗೆ ಕಟ್ಟಿ, ಅದರ ಮೇಲೆ ತಾನು ಸಹಿ ಹಾಕಿದ್ದೇನೆ ಎಂದು ತಿಳಿದಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಓಡಿದಳು ಮೇಲಕ್ಕೆ. ಮ್ಯಾನೇಜರ್ ಪೂರ್ತಿ ಕೇಳಿದರು. ಅಂಕಿಯನ್ನೂ ನೋಡಿದರು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ಯೋಜನೆ ಕೆಲಸ ಮಾಡ್ತಿದೆ."

"ಸರ್, ಯೋಜನೆ ಹಾಕಿದ್ದೇ ತಪ್ಪು. ಇವತ್ತೇ ನಿಲ್ಲಿಸ್ಬೇಕು. ಆ ನಲವತ್ತೊಂದು ಅವರದ್ದಲ್ಲ."

"ಶುರು ಆಗಿರೋದನ್ನ ಮಧ್ಯ ನಿಲ್ಲಿಸಿದ್ರೆ ಹೆಡ್ಡಾಫೀಸಿಗೆ ನಾನೇನಂತ ಬರೀಲಿ? ನಮಗೆ ಲೆಕ್ಕ ಬರಲ್ಲ ಅಂತನಾ? ಅರವತ್ತು ದಿನ ಮುಗೀಲಿ. ಗುರಿ ಮುಟ್ಟಿದ್ರೆ ಅವರ ಪಾಡಿಗೆ ಅವರು ಇರ್ತಾರೆ. ಬರ್ದಿದೆಯಲ್ಲ, ಹಾಳೇಲಿ."

ಹಾಳೆಯಲ್ಲಿ ಬರೆದಿದೆ ಎನ್ನುವ ಮಾತಿಗೆ ಅವಳು ಜೋತುಬಿದ್ದಳು. ಮುಟ್ಟುತ್ತಾನೆ, ಖಂಡಿತ ಮುಟ್ಟುತ್ತಾನೆ, ಹೆದರುವುದೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇಳಿದಳು. ಅವಳ ಹೇಡಿತನಕ್ಕೆ ಅದೊಂದು ಒಳ್ಳೆಯ ಹೊದಿಕೆಯಾಯಿತು.

ವಾರಗಳು ಸರಿದವು. ಗಡಿಯಾರಣ್ಣನ ತಪ್ಪು ಒಂದು, ಸೊನ್ನೆ, ಎರಡು, ಸೊನ್ನೆ. ಶನಿವಾರದ ಐವತ್ತು ಖಾನೆಯಲ್ಲಿ ಐವತ್ತೂ ಸರಿ. ಇನ್ಸುಲಿನ್ ಏಳು ನಿಮಿಷ, ಆರು ನಿಮಿಷ. ಕಣ್ಣಿನ ತಪಾಸಣೆಗೆ ಕಳಿಸಿದರೆ ವೈದ್ಯರು ಕನ್ನಡಕವೂ ಬೇಡವೆಂದು ಕಳಿಸಿದರು. ಅತ್ತ ಏಣಿಯ ಕಡೆಯವರು ದಿನಕ್ಕೆ ನಾಲ್ಕಾರು ಸಲ ಗುಂಡಿ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡು, ತಮ್ಮ ತಪ್ಪು ತಮ್ಮ ಹೆಸರಿಗೇ ಬೀಳುವುದನ್ನು ಕಂಡು ಹಲ್ಲು ಕಡಿದರು. ಊಟದ ಮೇಜಿನಲ್ಲಿ ಅವನು ಕೂತರೆ ಎದ್ದು ಹೋಗುವಷ್ಟಕ್ಕೆ ಬಂತು. ಅವನು ಮಾತ್ರ ಎಂದಿಗಿಂತ ಹೆಚ್ಚಾಗಿ ಎಲ್ಲರ ಹಿಂದೆ ಓಡಾಡುತ್ತಿದ್ದ. ಒಬ್ಬನ ಭಾರದ ಪೆಟ್ಟಿಗೆಗೆ ಕೈ ಹಚ್ಚುತ್ತಿದ್ದ, ಇನ್ನೊಬ್ಬನ ಸಾಲು ಗುಡಿಸುತ್ತಿದ್ದ. ಆಮೇಲೆ ಕಂಬದ ಮರೆಗೆ ಹೋಗಿ ಜೇಬಿನಿಂದ ಏನೋ ತೆಗೆದು ಬರೆಯುತ್ತಿದ್ದ. ಹೆಂಡತಿಯ ಔಷಧಿಯ ಹೊತ್ತು ಬರೆದುಕೊಳ್ಳುತ್ತಾನೇನೋ ಎಂದುಕೊಂಡಳು ಅವಳು.

ಒಂದು ದಿನ ಅವಳೇ ಮ್ಯಾನೇಜರ ಮೇಜಿನ ಮೇಲೆ ಒಂದು ಅರ್ಜಿ ಕಂಡಳು. ಏಣಿಯೂ ಇನ್ನಿಬ್ಬರೂ ಸಹಿ ಹಾಕಿದ್ದರು: ಇವರು ಮೊದಲಿನ ಹಾಗೆ ಗನ್ನು ಕೊಡುತ್ತಿಲ್ಲ, ತಂಡಕ್ಕೆ ತೊಂದರೆಯಾಗುತ್ತಿದೆ. ಅದನ್ನು ಇದ್ದಲ್ಲೇ ಬಿಟ್ಟು ಇಳಿದು ಬಂದಳು. ಮೂರು ಗುರಿ ಮುಟ್ಟಿದವನನ್ನು ಒಂದು ಅರ್ಜಿ ಏನು ಮಾಡೀತು ಎಂದುಕೊಂಡಳು.

ಅರವತ್ತನೇ ದಿನ ಮೂವರೂ ಮೇಲಿನ ಆಫೀಸಿನಲ್ಲಿ ಕೂತರು. ಗಡಿಯಾರಣ್ಣ ಅವತ್ತೂ ತೋಳು ಇಳಿಸಿ ಗುಂಡಿ ಹಾಕಿಕೊಂಡಿದ್ದ. ಹೆಂಡತಿ ಇಸ್ತ್ರಿ ಮಾಡಿಕೊಟ್ಟಿರಬೇಕು, ಅಂಗಿಯ ಮಡಿಕೆ ಚೂಪಾಗಿತ್ತು. ಸೂಪರ್‌ವೈಸರ್ ಮೂರು ಗುರಿಯ ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಒಂದು, ಮುಟ್ಟಿದ್ದಾರೆ. ಎರಡು, ಮುಟ್ಟಿದ್ದಾರೆ. ಮೂರು, ಮುಟ್ಟಿದ್ದಾರೆ. ಪ್ರತಿ ಸಲವೂ ಗಡಿಯಾರಣ್ಣನ ತಲೆ ಒಂದಿಷ್ಟು ಮೇಲೆದ್ದಿತು.

"ನಾಲ್ಕು ಮುಟ್ಟಿಲ್ಲ," ಎಂದರು ಮ್ಯಾನೇಜರ್. ಅರ್ಜಿಯನ್ನು ಮೇಜಿನ ಮೇಲೆ ಇಟ್ಟರು. "ತಂಡದ ಜೊತೆ ಸಹಕಾರ ಇಲ್ಲ ಅಂತ ತಂಡವೇ ಬರೆದುಕೊಟ್ಟಿದೆ. ನಾಲ್ಕೂ ಮುಟ್ಟಬೇಕು ಅಂತ ಹಾಳೇಲಿದೆ."

"ಸರ್, ಆ ಗನ್ನು ಕೊಡದೆ ಇದ್ದದ್ದು ಮೊದಲನೇ ಗುರಿಗೋಸ್ಕರ! ಅವರ ಲಾಗಿನ್ ಅಂತ ನಾವೇ ಬರ್ದಿದ್ವಿ. ಒಂದನೇದು ಮಾಡಿದ್ದಕ್ಕೆ ನಾಲ್ಕನೇದರಲ್ಲಿ ಫೇಲ್ ಮಾಡ್ತೀರಾ?" ಅವಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿತು.

"ನಾನು ಕೇಳಿದ್ದು ನಿಮ್ಮನ್ನಲ್ಲ."

"ಸರ್," ಎಂದ ಗಡಿಯಾರಣ್ಣ. ಜೇಬಿಗೆ ಕೈ ಹಾಕಿದ. ಬೆವರಿಗೆ ರಟ್ಟು ಮೆತ್ತಗಾಗಿದ್ದ ಒಂದು ಪುಟ್ಟ ನೋಟ್‌ಪುಸ್ತಕ ತೆಗೆದು ಎರಡೂ ಕೈಯಿಂದ ಮೇಜಿನ ಮೇಲಿಟ್ಟ. "ನಾಲ್ಕನೇದನ್ನೂ ಮಾಡಿದೀನಿ ಸರ್. ಬರೆದಿಟ್ಟಿದೀನಿ."

ಮ್ಯಾನೇಜರ್ ಮುಟ್ಟಲಿಲ್ಲ. ಅವಳು ತೆರೆದಳು. ಒಂದೊಂದು ಪುಟದಲ್ಲಿ ಒಂದೊಂದು ತಾರೀಕು, ಅದರ ಕೆಳಗೆ ಗುಂಡಗಿನ ಅಕ್ಷರ. ಏಣಿಯ ಜೊತೆ ಸಲೈನ್ ಪೆಟ್ಟಿಗೆ ಇಳಿಸಿದೆ. ಐದನೇ ಸಾಲು ಗುಡಿಸಿದೆ. ಬೆನ್ನುನೋವಿನವನ ಬದಲು ಕೆಳಗಿನ ಖಾನೆ ತೆಗೆದುಕೊಟ್ಟೆ. ಹೊಸಬನಿಗೆ ಮಿಲಿಗ್ರಾಂ ನೋಡಲು ಹೇಳಿಕೊಟ್ಟೆ. ಕಾವಲುಗಾರನಿಗೆ ಚಹಾ ತಂದುಕೊಟ್ಟೆ. ಇನ್ನೊಂದು ಪುಟದಲ್ಲಿ: ಮೇಡಂ ಮಗಳಿಗೆ ಮತ್ತೆ ಜ್ವರ, ಅವರು ಬೇಗ ಹೋದರು, ಲಾರಿ ಬರುವ ತನಕ ನಾನು ನಿಂತೆ. ಪ್ರತಿ ಪುಟದ ಅಡಿಯಲ್ಲಿ ಒಂದು ಅಂಕಿ. ಆರು. ಆರು. ಐದು. ಆರು.

"ಎಷ್ಟು ಅಂತ ಹಾಳೇಲಿ ಇರ್ಲಿಲ್ಲ ಸರ್. ದಿನಕ್ಕೆ ಆರು ಅಂತ ನಾನೇ ಇಟ್ಕೊಂಡೆ. ಐವತ್ತೊಂದು ದಿನ ಕೆಲಸ ಆಯ್ತು, ಮುನ್ನೂರ ಆರು ಆಗ್ಬೇಕಿತ್ತು. ಇನ್ನೂರ ತೊಂಬತ್ತು ಆಗಿದೆ. ಆಸ್ಪತ್ರೆ ದಿನ ಪಾಳಿ ಮುಗಿದ ತಕ್ಷಣ ಓಡ್ಬೇಕು, ಅವತ್ತು ಐದೇ ಆಗ್ತಿತ್ತು." ಅವನು ಮ್ಯಾನೇಜರಿನ ಮುಖ ನೋಡಿದ, ಅಲ್ಲಿ ಏನೂ ಸಿಗದೆ ಅವಳ ಕಡೆ ತಿರುಗಿದ. "ಹದಿನಾರು ಕಮ್ಮಿ ಬಿತ್ತು. ಅದಕ್ಕೇನಾ ಮೇಡಂ?"

ಅವಳಿಗೆ ಕೆಮ್ಮು ಬಂತು, ಕೆಮ್ಮಿನ ಜೊತೆಗೆ ಕಣ್ಣೀರೂ ಬಂತು. ಗಡಿಯಾರಣ್ಣ ಎದ್ದು ಮೂಲೆಯ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಅವಳ ಕೈಗೆ ಕೊಟ್ಟು, ಮತ್ತೆ ತನ್ನ ಜಾಗದಲ್ಲಿ ಕೂತ.

"ನಾವು ಹೇಳಿದ್ದು ಇದಲ್ಲ," ಎಂದರು ಮ್ಯಾನೇಜರ್. "ಇದೆಲ್ಲ ಸಣ್ಣಪುಟ್ಟ ಕೆಲಸ. ಸಹಕಾರ ಅಂದ್ರೆ ಮನೋಭಾವ."

"ಅದು ಎಷ್ಟು ಅಂತ ಹೇಳಿ ಸರ್. ಇನ್ನೊಂದು ತಿಂಗಳು ಕೊಟ್ರೆ ಮಾಡ್ತೀನಿ."

ಮ್ಯಾನೇಜರ್ ಹಾಳೆಯನ್ನು ಅವಳತ್ತ ತಳ್ಳಿದರು. ಕೊನೆಯಲ್ಲಿ ಅವಳ ಸಹಿಗೆ ಜಾಗ ಬಿಟ್ಟಿತ್ತು, ಮೇಲೆ ಅದೇ ಸಣ್ಣಕ್ಷರದ ಸಾಲು. ಅವಳು ಪೆನ್ನು ತೆಗೆದುಕೊಂಡಳು. 'ಸ್ಪಷ್ಟವಾಗಿ ವಿವರಿಸಿದ್ದೇನೆ' ಎನ್ನುವುದಕ್ಕೆ ಅಡ್ಡಗೆರೆ ಎಳೆದು ಬರೆದಳು: ನಾಲ್ಕನೇ ಗುರಿ ಏನೆಂದು ನಾನು ಇವರಿಗೆ ಹೇಳಿಲ್ಲ. ಇವರು ಕೇಳಿದ್ದರು. ನನಗೇ ಗೊತ್ತಿರಲಿಲ್ಲ. ಅದರ ಕೆಳಗೆ ಸಹಿ ಹಾಕಿದಳು.

ಮ್ಯಾನೇಜರ್ ಓದಿ ತುಟಿ ಬಿಗಿದರು. "ಇದರಿಂದ ಏನೂ ಬದಲಾಗಲ್ಲ. ನಿಮ್ಮದನ್ನ ಆಮೇಲೆ ನೋಡ್ತೀನಿ" ಎಂದು ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಅವರ ಸಹಿ ಒಂದೇ ಸಾಕಾಗಿತ್ತು. ಅರವತ್ತು ದಿನದ ಹಿಂದೆ, ಹಾಳೆ ಇನ್ನೂ ಅವಳ ಕೈಯಲ್ಲಿದ್ದಾಗ, ಈ ಮೂರು ಸಾಲು ಬರೆದಿದ್ದರೆ ಅದಕ್ಕೊಂದು ಬೆಲೆ ಇರುತ್ತಿತ್ತು.

ಗಡಿಯಾರಣ್ಣ ಕೆಲಸದಿಂದ ತೆಗೆದ ಪತ್ರ ತೆಗೆದುಕೊಂಡು ಕೆಳಗಿಳಿದ. ಅವಳು ಹಿಂದೆಯೇ ಹೋದಳು. ಅವನು ತನ್ನ ಗನ್ನನ್ನು ಒರೆಸಿ ಚಾರ್ಜಿಗೆ ಹಾಕಿದ. ಅವಳು "ಅಣ್ಣ" ಎಂದಳು. ಅವನು ಒಂದೇ ಕೇಳಿದ, ಅದನ್ನೂ ಬಹಳ ಮೆಲ್ಲಗೆ. "ಕಾರ್ಡು ಯಾವತ್ತಿನ ತನಕ ನಡೆಯುತ್ತೆ ಮೇಡಂ?"

"ತಿಂಗಳ ಕೊನೆ ತನಕ."

ಅವನು ಬೆರಳು ಮಡಚಿ ಎಣಿಸಿದ. "ಮೂರು ಸಲ ಆಗುತ್ತೆ ಹಾಗಾದ್ರೆ," ಎಂದು ಹೊರಟುಹೋದ.

ಆ ವಾರವೇ ರಜೆ ಮುಗಿಸಿ ಬಂದಿದ್ದ ಎಚ್‌ಆರ್ ಹುಡುಗಿ ಎಲ್ಲ ಕೇಳಿ ಬಿಳಿಚಿಕೊಂಡಳು. ಮೇಲ್ಮನವಿ ಬರೆದರು, ಇಬ್ಬರೂ ಕೂತು. ಸಾವಿರದ ಎಂಟುನೂರರ ಲೆಕ್ಕ ಲಗತ್ತಿಸಿದರು. ಹೆಡ್ಡಾಫೀಸಿನಿಂದ ಎಂಟನೇ ದಿನ ಒಂದು ಸಾಲಿನ ಉತ್ತರ ಬಂತು: ನಾಲ್ಕನೇ ಗುರಿ ತಲುಪಿಲ್ಲವಾದ್ದರಿಂದ ನಿರ್ಧಾರದಲ್ಲಿ ಬದಲಾವಣೆ ಇಲ್ಲ.

ಉತ್ತರ ಬಂದ ದಿನ ಬೆಳಗ್ಗೆ ಗೋದಾಮಿನಲ್ಲಿ ನಾಲ್ಕೂ ಗನ್ನು ಕಪ್ಪು ಮುಖ ಮಾಡಿಕೊಂಡು ಚಾರ್ಜಿನ ತೊಟ್ಟಿಲಲ್ಲಿ ಕೂತಿದ್ದವು. ಆರೂವರೆಗೆ ಬಂದ ಏಣಿ ಆಚೀಚೆ ನೋಡಿ, "ಯಾರಾದ್ರೂ ಒಬ್ರು ಲಾಗಿನ್ ಮಾಡ್ರೋ" ಎಂದ. ಯಾರೂ ಮುಂದೆ ಬರಲಿಲ್ಲ. ಯಾರ ಹೆಸರಲ್ಲಿ ಮಾಡಿದರೆ ಏನಾಗುತ್ತದೆ ಎಂದು ಈಗ ಎಲ್ಲರಿಗೂ ಗೊತ್ತಿತ್ತು.

ಸೂಪರ್‌ವೈಸರ್ ಗಾಜಿನ ಗೂಡಿಗೆ ಹೋಗಿ ಮೇಜಿನ ಖಾನೆ ಎಳೆದಳು. ಪುಟ್ಟ ನೋಟ್‌ಪುಸ್ತಕ ಅಲ್ಲೇ ಇತ್ತು. ಅವನು ಮೇಲಿನ ಆಫೀಸಿನ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದನ್ನು ಅವಳು ತಂದಿಟ್ಟಿದ್ದಳು, ಇನ್ನು ಅದರಿಂದ ಅವನಿಗೇನು ಕೆಲಸ. ಕೊನೆಯ ಪುಟ ತೆರೆದಳು. ಅರವತ್ತನೇ ದಿನದ ತಾರೀಕಿನ ಕೆಳಗೆ ಐದು ಸಾಲಿತ್ತು. ಮೀಟಿಂಗಿಗೆ ಕರೆದದ್ದರಿಂದ ಆರನೆಯದಕ್ಕೆ ಹೊತ್ತು ಸಿಕ್ಕಿರಲಿಲ್ಲ. ಅವಳು ಪೆನ್ನು ತೆಗೆದು ಆರನೇ ಸಾಲು ತಾನೇ ಬರೆದಳು: ಮೇಡಂ ಅತ್ತಾಗ ನೀರು ಕೊಟ್ಟೆ. ಅಡಿಯಲ್ಲಿ ಒಟ್ಟು ಎಂದಿದ್ದ ಇನ್ನೂರ ತೊಂಬತ್ತನ್ನು ಹೊಡೆದು ಇನ್ನೂರ ತೊಂಬತ್ತೊಂದು ಮಾಡಿದಳು. ಹೊರಗೆ ಏಣಿ ಇನ್ನೂ ಕೂಗುತ್ತಲೇ ಇದ್ದ.